ರಾಯಚೂರಿನ ಬೇಸಿಗೆಯಲ್ಲಿ ಫೋನ್ ಬ್ಯಾಟರಿ ಸವೆಯುವುದು ಎಲ್ಲಿ?

"ರಾತ್ರಿ ಪೂರಾ ಚಾರ್ಜಿಗೆ ಹಚ್ಚಿಟ್ರ ಬ್ಯಾಟರಿ ಹೋಗತದಂತ, 20ರಿಂದ 80ರೊಳಗ ಇಡಬೇಕಂತ. ಖರೇ ಏನ್ರೀ?"

ತುಂಬಿದ ಮೇಲೂ ಕರೆಂಟ್ ಒಳಗೆ ನುಗ್ಗುತ್ತಲೇ ಇರುತ್ತದೆ ಅನ್ನುವುದು ಸುಳ್ಳು. ಸೆಲ್ಲಿನ ವೋಲ್ಟೇಜ್ ತನ್ನ ಮಿತಿ ಮುಟ್ಟಿದಾಗ (ಈಗಿನ ಫೋನುಗಳಲ್ಲಿ ಸುಮಾರು 4.4 ವೋಲ್ಟ್) ಫೋನಿನೊಳಗಿನ ಸರ್ಕ್ಯೂಟೇ ಕರೆಂಟ್ ಇಳಿಸುತ್ತಾ ಹೋಗಿ ನಿಲ್ಲಿಸುತ್ತದೆ.

ಸೆಲ್ಲಿಗೆ ಮುಪ್ಪು ಬರುವುದು ಬೇರೆ ದಾರಿಯಿಂದ. ಒಳಗಿನ ಗ್ರಾಫೈಟ್ ಮೇಲೆ ತೆಳುವಾದ ಪೊರೆಯೊಂದು ಇರುತ್ತದೆ. ಅದು ದಪ್ಪವಾದಷ್ಟೂ ಲಿಥಿಯಂ ಅದರಲ್ಲೇ ಸಿಕ್ಕಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಪೊರೆ ಬೇಗ ಬೆಳೆಯಲು ಕಾರಣ ಎರಡು: ಬಿಸಿ ಮತ್ತು ತುಂಬಿದ ಸ್ಥಿತಿ. ಪೂರ್ತಿ ತುಂಬಿದ ಸೆಲ್ಲನ್ನು 25 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ಸುಮಾರು 80% ಸಾಮರ್ಥ್ಯ ಉಳಿಯುತ್ತದೆ, 40 ಡಿಗ್ರಿಯಲ್ಲಾದರೆ 65% ಮಾತ್ರ. ಅದೇ 40 ಡಿಗ್ರಿಯಲ್ಲಿ 40% ಚಾರ್ಜ್ ಮಾಡಿ ಇಟ್ಟದ್ದರಲ್ಲಿ 85% ಉಳಿಯುತ್ತದೆ.

ಈಗ ರಾಯಚೂರಿನ ಮೇ ತಿಂಗಳ ಒಂದು ರಾತ್ರಿ ತೆಗೆದುಕೊಳ್ಳಿ. ಹನ್ನೊಂದಕ್ಕೆ ಹಚ್ಚಿದ ಫೋನ್ ಹನ್ನೆರಡೂವರೆಗೆ ತುಂಬಿತು, ಆರಕ್ಕೆ ತೆಗೆದಿರಿ. ಐದೂವರೆ ತಾಸು ಅದು ತುಂಬಿಯೇ ಇತ್ತು. ಹಗಲೆಲ್ಲ ಕಾದ ಛಾವಣಿ ಕಾವು ಬಿಡುತ್ತಿರುವುದರಿಂದ ಕೋಣೆಯೇ 34 ಡಿಗ್ರಿ. ಕವರ್ ತೆಗೆದು ಶಹಾಬಾದಿ ಬಂಡೆಯ ಮೇಲಿಟ್ಟ ಫೋನು ಹೆಚ್ಚುಕಡಿಮೆ ಅದೇ ಬಿಸಿಗೆ ಬಂದು ನಿಲ್ಲುತ್ತದೆ. ದಿಂಬಿನ ಕೆಳಗೆ, ಕವರ್ ಸಮೇತ ಇಟ್ಟದ್ದು 40 ದಾಟುತ್ತದೆ. ಚಾರ್ಜರ್ ಅದೇ, ವೇಳೆಯೂ ಅಷ್ಟೇ, ಸವೆತ ಮಾತ್ರ ಬೇರೆ. ಮಧ್ಯಾಹ್ನ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ, ಮ್ಯಾಪ್ ಹಾಕಿ, ಜೊತೆಗೆ ಚಾರ್ಜೂ ಮಾಡುವುದು ಇದಕ್ಕಿಂತ ಕೆಟ್ಟದ್ದು. ಎಷ್ಟೋ ಫೋನುಗಳು 45 ಡಿಗ್ರಿ ಹತ್ತಿರ ತಾವೇ ಚಾರ್ಜಿಂಗ್ ನಿಧಾನ ಮಾಡುತ್ತವೆ, ಇಲ್ಲವೇ ನಿಲ್ಲಿಸುತ್ತವೆ.

ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, adb ಹಾಕಿಕೊಂಡ ಕಂಪ್ಯೂಟರಿಗೆ ಜೋಡಿಸಿ ಈ ಕಮಾಂಡ್ ಕೊಟ್ಟರೆ ಬ್ಯಾಟರಿಯ ಬಿಸಿಯನ್ನು ನೀವೇ ಓದಬಹುದು:

```
adb shell dumpsys battery
```

`temperature: 412` ಎಂದು ಬಂದರೆ 41.2 ಡಿಗ್ರಿ ಎಂದರ್ಥ. ದಿಂಬಿನ ಕೆಳಗಿಂದ ತೆಗೆದ ಕೂಡಲೇ ಒಮ್ಮೆ, ಬಂಡೆಯ ಮೇಲಿಟ್ಟ ಮರುದಿನ ಒಮ್ಮೆ ನೋಡಿ.

ಇನ್ನು 80ರ ಮಾತು. ಅದರಲ್ಲಿ ಹುರುಳಿದೆ, ವೋಲ್ಟೇಜ್ ತಗ್ಗಿದಷ್ಟೂ ಪೊರೆ ನಿಧಾನವಾಗಿ ಬೆಳೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ 80%ಗೆ ನಿಲ್ಲಿಸುವ ಆಯ್ಕೆ ಇದ್ದರೆ ಆನ್ ಮಾಡಿ, ರಾತ್ರಿ ನಿಶ್ಚಿಂತೆಯಿಂದ ಹಚ್ಚಿಡಿ. ಊರಿಗೆ ಹೊರಟ ದಿನ 100 ಮಾಡಿಕೊಂಡರೆ ಏನೂ ಆಗದು. 20ರ ಗೆರೆ ಅಷ್ಟು ಮುಖ್ಯವಲ್ಲ, ಒಮ್ಮೊಮ್ಮೆ 10ಕ್ಕೆ ಇಳಿದರೂ ನಡೆಯುತ್ತದೆ. ಪೂರ್ತಿ ಸತ್ತ ಫೋನನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿಡುವುದು ಮಾತ್ರ ತಪ್ಪು: ವೋಲ್ಟೇಜ್ ತೀರಾ ಕುಸಿದು ಒಳಗಿನ ತಾಮ್ರ ಕರಗತೊಡಗುತ್ತದೆ, ಆಮೇಲೆ ಆ ಸೆಲ್ಲನ್ನು ಚಾರ್ಜ್ ಮಾಡುವುದೇ ಅಪಾಯ. ಎತ್ತಿಡುವುದಿದ್ದರೆ ಅರ್ಧ ತುಂಬಿಸಿ ಆಫ್ ಮಾಡಿ ಇಡಿ.

ಮೇಜಿನ ಮೇಲೆ ಬೋರಲಾಗಿಟ್ಟ ಫೋನ್ ಅಲ್ಲಾಡಿದರೆ, ಅಥವಾ ಸ್ಕ್ರೀನಿನ ಅಂಚು ಎದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಚ್ಚದೆ ರಿಪೇರಿಯವರಿಗೆ ಕೊಡಿ.