‘ಪುಸ್ತಕ ಹುಡುಕ್ತಿದೀನಿ’ ಅಂದರೆ ಯಾವ ಪುಸ್ತಕ?

ಬೆಂಗಳೂರಿಗೆ ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುವುದು ನನ್ನ ಕೆಲಸ. ಇಂಗ್ಲಿಷ್ ಮಾತಾಡುವವರು ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ: ನಿಮ್ಮಲ್ಲಿ ‘ಎ’ ಇಲ್ಲ, ‘ದಿ’ ಇಲ್ಲ. ಯಾವುದೋ ಒಂದು ಪುಸ್ತಕವಾ, ಗೊತ್ತಿರೋ ಪುಸ್ತಕವಾ ಅಂತ ತಿಳಿಯೋದು ಹೇಗೆ?

‘ಎ’ ಅಂದರೆ ‘ಒಂದು’, ‘ದಿ’ ಅಂದರೆ ‘ಆ’ ಅಂತ ಹೇಳಿಬಿಡಬಹುದು. ಆದರೆ ಹಾಗೆ ಕಲಿತವರು ‘ಆ ಸೂರ್ಯ ಮುಳುಗಿದ’ ಅನ್ನುತ್ತಾರೆ. ಇರುವುದೇ ಒಬ್ಬ ಸೂರ್ಯ, ಬೆರಳು ತೋರಿಸೋದು ಯಾಕೆ? ಅದಕ್ಕೇ ನಾನು ಬೋರ್ಡಿನ ಮೇಲೆ ಎರಡು ವಾಕ್ಯ ಬರೆಯುತ್ತೇನೆ.

ಪುಸ್ತಕ ಹುಡುಕುತ್ತಿದ್ದೇನೆ.
ಪುಸ್ತಕವನ್ನು ಹುಡುಕುತ್ತಿದ್ದೇನೆ.

ಈಗ ಎರಡಕ್ಕೂ ‘ಯಾವುದಾದರೂ ಪರವಾಗಿಲ್ಲ’ ಅಂತ ಸೇರಿಸಿ ನೋಡಿ. ಮೊದಲನೆಯದಕ್ಕೆ ಸಲೀಸಾಗಿ ಹೊಂದುತ್ತದೆ, ಎರಡನೆಯದಕ್ಕೆ ಹೊಂದುವುದಿಲ್ಲ. ‘ಅನ್ನು’ ಬಂದರೆ ಹೇಳುವವನ ಮನಸ್ಸಿನಲ್ಲಿ ಇಂಥದ್ದೇ ಪುಸ್ತಕ ಅಂತ ಇರುತ್ತದೆ. ಹಾಗಂತ ಅದು ‘ದಿ’ ಅಲ್ಲ. ‘ಒಂದು ಪುಸ್ತಕವನ್ನು ಹುಡುಕುತ್ತಿದ್ದೇನೆ’ ಅಂದಾಗ ಅದು ಯಾವುದು ಅಂತ ಕೇಳುವವನಿಗೆ ಗೊತ್ತಿರಬೇಕಾಗಿಲ್ಲ, ಹೇಳುವವನಿಗೆ ಗೊತ್ತಿದ್ದರೆ ಸಾಕು. ‘ಅನ್ನು’ ಇಲ್ಲದ ವಾಕ್ಯ ಮಾತ್ರ ಸಡಿಲ. ಮೇಜಿನ ಮೇಲಿಟ್ಟ ತನ್ನ ಪುಸ್ತಕ ಕಾಣದವನೂ ‘ಪುಸ್ತಕ ಹುಡುಕ್ತಿದೀನಿ’ ಅನ್ನಬಹುದು.

ಮನುಷ್ಯರ ವಿಷಯಕ್ಕೆ ಬಂದರೆ ಈ ಪರೀಕ್ಷೆ ಕೈಕೊಡುತ್ತದೆ. ‘ಕೆಲಸದವಳನ್ನು ಹುಡುಕ್ತಿದೀವಿ’ ಅನ್ನುವವರಿಗೆ ಯಾರಾದರೂ ನಡೆಯುತ್ತದೆ, ಆದರೂ ‘ಅನ್ನು’ ಬಿಡುವ ಹಾಗಿಲ್ಲ. ಇದಕ್ಕೂ ಒಂದು ಮಜವಾದ ಅಪವಾದ ಇದೆ: ‘ಹೆಣ್ಣು ನೋಡೋಕೆ ಹೋದರು.’ ಇಲ್ಲಿ ಹೆಣ್ಣು ಯಾರು ಅನ್ನೋದು ಮುಖ್ಯವಲ್ಲ. ನಾಮಪದ ಕ್ರಿಯೆಗೆ ಅಂಟಿಕೊಂಡು ಎರಡೂ ಸೇರಿ ಒಂದೇ ಕೆಲಸದ ಹೆಸರಾಗಿದೆ. ‘ಹೆಣ್ಣನ್ನು ನೋಡಿದರು’ ಅಂದ ತಕ್ಷಣ ಎದುರಿಗೆ ಒಬ್ಬಳು ಹುಡುಗಿ ಬಂದು ನಿಲ್ಲುತ್ತಾಳೆ.

ಇದೆಲ್ಲ ಕರ್ಮಪದದ ಮಾತಾಯಿತು. ಕರ್ತೃಪದಕ್ಕೆ ಇಂಥ ಪ್ರತ್ಯಯದ ಸಹಾಯ ಇಲ್ಲ, ಅಲ್ಲಿ ಜಾಗವೇ ಕೆಲಸ ಮಾಡುತ್ತದೆ. ‘ಬಾಗಿಲ ಹತ್ತಿರ ನಾಯಿ ಇದೆ’ ಅಂದರೆ ಯಾವುದೋ ನಾಯಿ, ಹುಷಾರು. ‘ನಾಯಿ ಬಾಗಿಲ ಹತ್ತಿರ ಇದೆ’ ಅನ್ನುವುದು ‘ನಾಯಿ ಎಲ್ಲಿ?’ ಅಂತ ಕೇಳಿದವರಿಗೆ ಕೊಡುವ ಉತ್ತರ. ಹೊಸ ನಾಯಿಯನ್ನು ಮೊದಲಿಗೇ ತರಬೇಕಾದರೆ ‘ಒಂದು ನಾಯಿ’ ಅನ್ನಬೇಕು. ಕಥೆ ಹೇಳುವಾಗಲೂ ಹೀಗೇ ಅಲ್ವಾ? ‘ಒಬ್ಬ ರಾಜ ಇದ್ದ. ರಾಜನಿಗೆ ಇಬ್ಬರು ಹೆಂಡಿರು.’ ಎರಡನೇ ಸಲ ‘ಆ’ ಇಲ್ಲದೆಯೂ ಅದೇ ರಾಜ.

ಹಿಂದಿ ಮಾತಾಡುವವರಿಗೆ ಈ ಪಾಠ ಬೇಗ ಹತ್ತುತ್ತದೆ, ಅವರ ‘ಕೋ’ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಅವರ ತೊಡಕು ಬೇರೆ. ರಸ್ತೆಯಲ್ಲಿ ಯಾರೂ ‘ಪುಸ್ತಕವನ್ನು’ ಅನ್ನುವುದಿಲ್ಲ, ‘ಪುಸ್ತಕಾನ’ ಅನ್ನುತ್ತಾರೆ. ಕೊನೆಯ ಆ ‘ನ’ ಕಿವಿಗೆ ಬೀಳುವ ತನಕ ಅವರಿಗೆ ಎರಡೂ ವಾಕ್ಯ ಒಂದೇ. ಹಾಗಾಗಿ ಈಗ ಬರೆಸುವುದಕ್ಕಿಂತ ಕೇಳಿಸುವುದೇ ಜಾಸ್ತಿ ಮಾಡುತ್ತೇನೆ.