ವೇರಿಯನ್ಸ್ ಕಾಲಮ್ಮಿನ ಪ್ಲಸ್ಸು, ಮೈನಸ್ಸು

ಪುಣೆಯ ಹತ್ತಿರ ಚಾಕಣದಲ್ಲಿ ಒಂದು ಬಿಡಿಭಾಗಗಳ ಕಾರ್ಖಾನೆಯ ಫೈನಾನ್ಸ್ ವಿಭಾಗದಲ್ಲಿದ್ದೇನೆ. ತಿಂಗಳ ಎಂಐಎಸ್ ರಿಪೋರ್ಟ್ ಮೇಲಿನವರಿಗೆ ಹೋಗುವ ಮುಂಚೆ ನೋಡಿ ಬಿಡುವುದು ನನ್ನ ಕೆಲಸ. ಬಜೆಟ್ ಮತ್ತು ಆ್ಯಕ್ಚುಅಲ್ ಅಂಕಿಗಳು ಸಾಮಾನ್ಯವಾಗಿ ಸರಿಯೇ ಇರುತ್ತವೆ, ಅವು ಸಿಸ್ಟಮ್‌ನಿಂದ ಬಂದವು. ತೊಂದರೆ ಇರುವುದು ಅವುಗಳ ಪಕ್ಕದ ಎರಡು ಕಾಲಮ್‌ಗಳಲ್ಲಿ: ವೇರಿಯನ್ಸ್, ಅಂದರೆ ಬಜೆಟ್ಟಿಗೂ ಆಗಿದ್ದಕ್ಕೂ ಇರುವ ವ್ಯತ್ಯಾಸ, ಮತ್ತು ಅದರ ಶೇಕಡಾ. ಅವನ್ನು ನಾವೇ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿರುತ್ತೇವೆ.

ನಮ್ಮಲ್ಲಿ ನಿಯಮ ಒಂದೇ. ಲಾಭಕ್ಕೆ ಒಳ್ಳೆಯದಾದರೆ ಪ್ಲಸ್, ಕೆಟ್ಟದಾದರೆ ಮೈನಸ್. ಮಾರಾಟ ಬಜೆಟ್ಟಿಗಿಂತ ಜಾಸ್ತಿಯಾದರೆ ಪ್ಲಸ್, ಖರ್ಚು ಜಾಸ್ತಿಯಾದರೆ ಮೈನಸ್. ಎಲ್ಲ ಸಾಲಿಗೂ ಆ್ಯಕ್ಚುಅಲ್‌ನಿಂದ ಬಜೆಟ್ ಕಳೆಯುವ ಕಂಪನಿಗಳೂ ಇವೆ, ಅದೂ ತಪ್ಪಲ್ಲ. ಒಂದೇ ಹಾಳೆಯಲ್ಲಿ ಎರಡೂ ಬೆರೆಯಬಾರದು, ಅಷ್ಟೇ.

ಬೆರೆತರೆ ಗೊತ್ತಾಗುವುದು ಹೇಗೆ? ಒಂದು ಉದಾಹರಣೆ ನೋಡೋಣ, ಅಂಕಿಗಳೆಲ್ಲ ಲಕ್ಷಗಳಲ್ಲಿ. ಮಾರಾಟದ ಬಜೆಟ್ 400, ಆಗಿದ್ದು 380. ಕಚ್ಚಾ ಮಾಲಿಗೆ 240 ಇಟ್ಟಿದ್ದರು, ತಗುಲಿದ್ದು 233. ಇತರೆ ಖರ್ಚು 100 ಇದ್ದದ್ದು 109 ಆಯಿತು. ಹಾಗಾಗಿ ಲಾಭ 60ರ ಬದಲು 38. ವೇರಿಯನ್ಸ್‌ಗಳು ಕ್ರಮವಾಗಿ −20, +7, −9. ಮೂರನ್ನೂ ಕೂಡಿದರೆ −22. ಲಾಭದ ಸಾಲಿನಲ್ಲೂ 38ರಿಂದ 60 ಕಳೆದರೆ −22. ತಾಳೆಯಾಯಿತು.

ಒಮ್ಮೆ ನಮ್ಮ ವಿಜಯಪುರದ ಹುಡುಗ ಇಂಥದ್ದೇ ಹಾಳೆ ಹಿಡಿದು ಬಂದ. "ಸರ್, ಕೂಡಿದ್ರ −4 ಬರಾಕತ್ತೈತ್ರಿ, ಲಾಭದ ಸಾಲಿನಾಗ −22 ಐತಿ." ವ್ಯತ್ಯಾಸ 18. ಅದರ ಅರ್ಧ 9. "9 ಇರೋ ಸಾಲು ಹುಡುಕಪ್ಪಾ" ಅಂದೆ. ಇತರೆ ಖರ್ಚಿನ ಸಾಲು ಸಿಕ್ಕಿತು. ಯಾರೋ ಮಾರಾಟದ ಸಾಲಿನ ಸೂತ್ರವನ್ನೇ ಅಲ್ಲಿಗೆ ಎಳೆದಿದ್ದರು, −9 ಇರಬೇಕಾದಲ್ಲಿ +9 ಕೂತಿತ್ತು. ಒಂದು ಸಾಲಿನ ಚಿಹ್ನೆ ತಿರುಗಿದರೆ ಮೊತ್ತ ಆ ವೇರಿಯನ್ಸ್‌ನ ಎರಡು ಪಟ್ಟು ತಪ್ಪುತ್ತದೆ. ಅದಕ್ಕೇ ಮೊದಲು ಅರ್ಧ ಮಾಡಿ ನೋಡುವುದು. ಎರಡು ಸಾಲು ತಿರುಗಿದ್ದರೆ ಮಾತ್ರ ಇದು ನೇರವಾಗಿ ಹೇಳುವುದಿಲ್ಲ, ಆಗ ಒಂದೊಂದೇ ಸೂತ್ರ ತೆರೆದು ನೋಡಬೇಕು.

ಈಗ ಪ್ರತಿ ಸಾಲಿನ ಮುಂದೆ ಒಂದು ಕಾಲಮ್ ಇಟ್ಟಿದ್ದೇವೆ: ಆದಾಯ ಮತ್ತು ಲಾಭಕ್ಕೆ 1, ಖರ್ಚಿಗೆ −1. B ಬಜೆಟ್, C ಆ್ಯಕ್ಚುಅಲ್, D ವೇರಿಯನ್ಸ್, E ಈ ಗುರುತು. D ಮತ್ತು ಶೇಕಡಾ ಕಾಲಮ್‌ಗಳ ಸೂತ್ರ ಎಲ್ಲ ಸಾಲಿಗೂ ಒಂದೇ:

```
=(C5-B5)*E5
=IF(OR(B5=0,B5*C5<0),"n.m.",D5/ABS(B5))
```

ಎರಡನೆಯ ಸೂತ್ರದ `ABS` ಯಾಕೆ ಅಂದರೆ, ಬಜೆಟ್ಟೇ ನಷ್ಟದಲ್ಲಿರುವ ವಿಭಾಗಗಳೂ ಇರುತ್ತವೆ. ಹೊಸದಾಗಿ ಶುರು ಮಾಡಿದ ಲೈನಿಗೆ 8 ಲಕ್ಷ ನಷ್ಟ ಅಂದುಕೊಂಡಿದ್ದೆವು, ಆಗಿದ್ದು 5 ಲಕ್ಷ ಅನ್ನಿ. 3 ಲಕ್ಷ ಒಳ್ಳೆಯದೇ ಆಯಿತಲ್ವಾ? ಆದರೆ 3ನ್ನು −8ರಿಂದ ಭಾಗಿಸಿದರೆ −37.5% ಬರುತ್ತದೆ, ಹಾಳೆಯಲ್ಲಿ ಕೆಂಪು ಬಣ್ಣ. ಚೆನ್ನಾಗಿ ಕೆಲಸ ಮಾಡಿದ ವಿಭಾಗದವರು ಮೀಟಿಂಗಿನಲ್ಲಿ ಸುಮ್ನೆ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ. ನಷ್ಟದ ಬಜೆಟ್ ಇದ್ದು ಲಾಭ ಬಂದರೆ, ಅಥವಾ ಲಾಭದ ಬಜೆಟ್ ಇದ್ದು ನಷ್ಟವಾದರೆ, ಶೇಕಡಾಕ್ಕೆ ಅರ್ಥವೇ ಇರುವುದಿಲ್ಲ. ಅಲ್ಲಿ `n.m.`, ಅಂದರೆ not meaningful, ಅಂತ ಬರೆದು ರೂಪಾಯಿಯ ವೇರಿಯನ್ಸ್ ಮಾತ್ರ ಓದಬೇಕು.

ಬಜೆಟ್ ಸೊನ್ನೆ ಇದ್ದ ಕಡೆ `#DIV/0!` ಕಾಣಬಾರದು ಅಂತ ಕೆಲವರು `IFERROR` ಹಾಕಿ 0 ತೋರಿಸುತ್ತಾರೆ. ಇದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಬಜೆಟ್ಟಿನಲ್ಲೇ ಇಲ್ಲದ 4 ಲಕ್ಷದ ರಿಪೇರಿ ಖರ್ಚಿನ ಮುಂದೆ 0% ಅಂತ ಬಂದರೆ, ಓದುವವರು ಅದನ್ನು ಬಜೆಟ್ಟಿಗೆ ಸರಿಯಾಗಿದೆ ಅಂತಲೇ ತಿಳಿಯುತ್ತಾರೆ. 5% ಮೀರಿದ್ದನ್ನು ಮಾತ್ರ ಆರಿಸುವ ಫಿಲ್ಟರ್ ಕೂಡ ಆ ಸಾಲನ್ನು ಬಿಟ್ಟುಬಿಡುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಮೇಲಿನ ಉದಾಹರಣೆಯ ಕಚ್ಚಾ ಮಾಲಿನ +7 ನನಗೆ ಸಮಾಧಾನ ಕೊಡುವುದಿಲ್ಲ. ಚಿಹ್ನೆ ಸರಿ, 2.9% ಕೂಡ ಸರಿ. ಆದರೆ ಬಜೆಟ್ಟಿನಲ್ಲಿ ಮಾಲಿನ ಖರ್ಚು ಮಾರಾಟದ 60% ಇತ್ತು. ದರ ಬದಲಾಗದೆ ಬರೀ ಪ್ರಮಾಣ ಕಡಿಮೆಯಾಗಿ 380 ಬಂದಿದ್ದರೆ, 228 ಖರ್ಚಾಗಬೇಕಿತ್ತು. ಆಗಿದ್ದು 233. ಅಂದರೆ 5 ಲಕ್ಷ ಜಾಸ್ತಿಯೇ. ಹಾಗಾಗಿ ಮಾಲಿನ ಸಾಲಿನ ಕೆಳಗೆ ಎರಡು ಸಾಲು ಸೇರಿಸಲು ಹೇಳಿದ್ದೇನೆ: ಕಡಿಮೆ ಮಾರಾಟದಿಂದ +12, ಬಳಕೆ ಅಥವಾ ಖರೀದಿ ದರದಿಂದ −5. ಪ್ಲಾಂಟಿನವರ ಹತ್ತಿರ ಈಗ ನಾವು ಕೇಳುವುದು ಆ −5ರ ಲೆಕ್ಕವನ್ನು.