ಮೇ 24: ಫ್ಯಾನಿನ ಬಟ್ಟಲಲ್ಲಿ ನೀರು

ಭಾನುವಾರ, ತೀರ್ಥಹಳ್ಳಿ

ಮೇಷ್ಟ್ರು ಹೊಸ ಫ್ಯಾನ್ ತಂದು ಹಾಕಿಸಿದ್ದಾರೆ. ರಸೀದಿಯನ್ನು ನನ್ನ ಕಣ್ಣಿಗೆ ಬೀಳುವ ಹಾಗೆ ಟೀವಿಯ ಪಕ್ಕದಲ್ಲೇ ಇಟ್ಟಿದ್ದರು. ಕಳೆದ ವಾರ ಗುಡುಗು ಮಳೆ ಹೊಡೆದಾಗಿನಿಂದ ನಡುಮನೆಯ ಫ್ಯಾನ್ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತಿತ್ತಂತೆ. ಫ್ಯಾನ್ ಬದಲಿಸಿದ ಮೇಲೂ ಅದೇ ಕಥೆ. ಎರಡು ದಿನ ಬಿಸಿಲು ಬಿದ್ದರೆ ತಾನಾಗಿ ಸರಿ, ಮತ್ತೆ ಮಳೆ ಬಂದರೆ ಮತ್ತೆ ಶುರು.

ನೋಡಲು ಬಂದಿದ್ದ ಎಲೆಕ್ಟ್ರಿಷಿಯನ್, "ಆರ್‌ಸಿಸಿಬಿ ಹಾಳಾಗಿದೆ, ತೆಗೆದು ನೇರವಾಗಿ ಜೋಡಿಸಿಬಿಡುತ್ತೇನೆ" ಎಂದನಂತೆ. ಮೇಷ್ಟ್ರು ಬೇಡ ಎಂದದ್ದು ನನ್ನ ಪುಣ್ಯ. ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಬೀಳುವುದೇ ಅದರ ಕೆಲಸ. ಎಲ್ಲೋ ಸೋರುತ್ತಿದೆ ಎಂದು ಅದು ಕೂಗುತ್ತಿದ್ದರೆ ಕೂಗುವವನನ್ನೇ ಕಿತ್ತೆಸೆಯುವುದೇ? ಮಲೆನಾಡಿನ ಒದ್ದೆ ಗೋಡೆಗಳ ನಡುವೆ!

ಮೇನ್ ಇಳಿಸಿ, ಏಣಿ ಹತ್ತಿ, ಫ್ಯಾನಿನ ಮೇಲ್ಬಟ್ಟಲನ್ನು ಸಡಿಲಿಸಿದೆ. ಕೆಂಪು ನೀರು ಮೊಣಕೈವರೆಗೆ ಇಳಿಯಿತು. ಸ್ಲ್ಯಾಬಿನೊಳಗಿನ ಕಬ್ಬಿಣದ ಡಬ್ಬಿ ತುಕ್ಕು ಹಿಡಿದಿದೆ, ತಂತಿಗಳನ್ನು ಸೇರಿಸಿದ ಜಾಗದ ಟೇಪು ನೆನೆದು ಅಂಟಂಟಾಗಿದೆ. ವಿಚಿತ್ರವೆಂದರೆ ಸುತ್ತಲಿನ ಸೂರಿನಲ್ಲಿ ಒಂದು ಕಲೆಯೂ ಇಲ್ಲ. ಫ್ಯಾನಿನ ನೇರ ಮೇಲೆ ತಾರಸಿಯಲ್ಲಿ ಬಿರುಕೂ ಇಲ್ಲ. ಅಂದರೆ ನೀರು ಅಲ್ಲಿ ಇಳಿಯುತ್ತಿಲ್ಲ, ವಯರಿನ ಪೈಪಿನೊಳಗೆ ಹರಿದುಕೊಂಡು ಬರುತ್ತಿದೆ.

ತಾರಸಿಯ ಮೂಡಣ ಮೂಲೆಯ ಮೇಲೆ ನನಗೆ ಅನುಮಾನವಿತ್ತು. ಪ್ಯಾರಾಪೆಟ್ ಗೋಡೆಯ ಬುಡಕ್ಕೂ ಸ್ಲ್ಯಾಬಿಗೂ ನಡುವೆ ಕೂದಲೆಳೆಯಷ್ಟು ಗೆರೆ. ಇಡೀ ತಾರಸಿಗೆ ನೀರು ನಿಲ್ಲಿಸಲು ಮೇ ತಿಂಗಳ ಬಾವಿ ಒಪ್ಪಬೇಕಲ್ಲ. ಆ ಮೂಲೆಗೆ ಮಾತ್ರ ಜೇಡಿಮಣ್ಣಿನ ಬದು ಕಟ್ಟಿ ಎರಡು ಇಂಚು ನೀರು ನಿಲ್ಲಿಸಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಡಬ್ಬಿಯ ಅಂಚಿನಲ್ಲಿ ಹನಿ ಕಟ್ಟಿತ್ತು. ಬಿರುಕಿನಿಂದ ಫ್ಯಾನಿಗೆ ಎಂಟು ಅಡಿಗೆ ಕಡಿಮೆಯಿಲ್ಲ.

ಆ ಬುಡದ ಉದ್ದಕ್ಕೂ ಅಕ್ಕನ ಡೇರೆ ಹೂವಿನ ಕುಂಡಗಳು. (ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎನ್ನುವುದು.) ಇಳಿಸಬೇಕು ಎಂದದ್ದೇ ತಡ, ಮುಖ ಸಣ್ಣದಾಯಿತು.

"ಗಡ್ಡೆ ಈಗ ತಾನೇ ಚಿಗುರಿದೆ. ಮಳೆಗಾಲದಲ್ಲಿ ಡೇರೆ ಇಲ್ಲದ ಮನೆಯೂ ಒಂದು ಮನೆಯೇ?"

"ಕುಂಡ ಇರಲಿ ಅಕ್ಕ. ಗೋಡೆಯಿಂದ ಒಂದು ಅಡಿ ಈಚೆಗೆ, ಇಟ್ಟಿಗೆಯ ಮೇಲೆ. ನೀರು ಹೋಗುವ ದಾರಿಯಲ್ಲಿ ಮಾತ್ರ ಬೇಡ."

"ಆ ಮೂಲೆಯಲ್ಲೇ ಬೆಳಗಿನ ಬಿಸಿಲು ಬರುವುದು."

"ಆರಿದ್ರಾ ಮಳೆಗೆ ಎಲ್ಲಿಯ ಬಿಸಿಲು?"

ನಕ್ಕರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಕುಂಡ ಸರಿಸಿದಲ್ಲೆಲ್ಲ ದುಂಡಗಿನ ಕಪ್ಪು ಒದ್ದೆ, ಅಡಿಯ ತೂತಿನಿಂದ ಹೊರಟ ಬೇರು ಬಿರುಕಿನ ಕಡೆಗೇ ಚಾಚಿಕೊಂಡಿತ್ತು. ಹಲಸಿನ ಎಲೆ ನೀರಿಳಿಯುವ ಪೈಪಿನ ಬಾಯಿಯನ್ನೂ ಮುಚ್ಚಿತ್ತು. ಚಪ್ಪಟೆ ಜಾಲರಿಗೆ ಒಂದೇ ಎಲೆ ಸಾಕು, ಗೋಪುರದ ಆಕಾರದ್ದನ್ನು ಕೂರಿಸಿದೆ. ಹಿತ್ತಲ ಚರಂಡಿಯನ್ನು ಮೇಷ್ಟ್ರ ಮಗ ಆಗಲೇ ತೆಗೆದಿದ್ದ, ಜಾಣ.

ಮೇಸ್ತ್ರಿಗೆ ಫೋನ್ ಮಾಡಿದರೆ, "ನಾಳೆಯೇ ಬಂದು ಎರಡು ಕೋಟು ಬಳಿದುಬಿಡುತ್ತೇನೆ" ಎನ್ನುತ್ತಾನೆ. ಬಳಿಯುವುದು ಕೊನೆಯ ಕೆಲಸ ಮಾರಾಯ. ಮೊದಲು ಗೆರೆಯನ್ನು ಅರ್ಧ ಇಂಚು ಕೆತ್ತಿ ಅಗಲಿಸಬೇಕು, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು, ಮೂಲೆಯನ್ನು ಇಳಿಜಾರಾಗಿ ದುಂಡಗೆ ಮಾಡಬೇಕು. ಆಮೇಲೆ ಜಾಲರಿ ಬಟ್ಟೆ ಕೂರಿಸಿ ಒಂದು ಕೋಟು, ಅದು ಒಣಗಿದ ಮೇಲೆ ಅಡ್ಡಲಾಗಿ ಇನ್ನೊಂದು, ಗೋಡೆಯ ಮೇಲಕ್ಕೂ ಒಂದು ಅಡಿ. ಒದ್ದೆ ಸಿಮೆಂಟಿನ ಮೇಲೆ ಬಳಿದರೆ ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಬೊಬ್ಬೆ ಎಬ್ಬಿಸುತ್ತದೆ. ಒಣಗಿದೆಯೋ ಎಂದು ನೋಡಲು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಅಡಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು.

ಕಾಯಲು ಸಮಯವಿದ್ದರೆ ತಾನೇ. ರೋಹಿಣಿ ಬಂದೇಬಿಟ್ಟಿತು. ಪರೀಕ್ಷೆಗೆಂದು ಅದೇ ಮೂಲೆಯನ್ನು ನೆನೆಸಿದವನೂ ನಾನೇ, ಬೇರೆ ದಾರಿಯೂ ಇರಲಿಲ್ಲ.

ಮೇಷ್ಟ್ರಿಗೆ ಹೇಳಿ ಬಂದದ್ದು ಇಷ್ಟೇ. ನಡುಮನೆಯ ಫ್ಯಾನಿಗೆ ಹೋಗುವ ತಂತಿಯನ್ನು ಸ್ವಿಚ್ ಬೋರ್ಡಿನಲ್ಲೇ ಕಳಚಿಟ್ಟಿದ್ದೇನೆ, ಯಾರೂ ಜೋಡಿಸಬಾರದು. ಆರ್‌ಸಿಸಿಬಿ ಬಿದ್ದರೆ ಒಮ್ಮೆ ಎತ್ತಿ ನೋಡಬಹುದು. ಮತ್ತೆ ಬಿದ್ದರೆ ಎಲ್ಲ ಎಂಸಿಬಿಗಳನ್ನೂ ಇಳಿಸಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಅವನ್ನು ಒಂದೊಂದಾಗಿ ಎತ್ತಬೇಕು, ಯಾವುದನ್ನು ಎತ್ತಿದಾಗ ಬೀಳುತ್ತದೋ ಅದನ್ನು ಇಳಿಸಿಯೇ ಬಿಟ್ಟು ನನಗೆ ಫೋನ್. ಟೆಸ್ಟ್ ಗುಂಡಿ ಒತ್ತಿ ತೋರಿಸಿದೆ, ಟಕ್ ಎಂದು ಬಿತ್ತು. ಅದರಿಂದ ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ ತಿಳಿಯುತ್ತದೆ, ಅರ್ತಿಂಗ್ ಬೇರೆಯೇ ನೋಡಿಸಬೇಕು.

ಸದ್ಯಕ್ಕೆ ಮೂಲೆಗೆ ಟಾರ್ಪಾಲು ಹೊದಿಸುವ ಯೋಚನೆ. ಆದರೆ ಅದನ್ನು ಪ್ಯಾರಾಪೆಟ್ ದಾಟಿಸಿ ಆಚೆಗೆ ಇಳಿಬಿಡದಿದ್ದರೆ ಗೋಡೆಯ ನೀರು ಅಡಿಗೇ ಸೇರುತ್ತದೆ, ಇಳಿಬಿಟ್ಟರೆ ಗಾಳಿಗೆ ಹಾರದಂತೆ ಆಚೆ ಕಡೆ ಕಟ್ಟಲು ಕೊಕ್ಕೆಯಿಲ್ಲ, ಕೊಕ್ಕೆಗೆಂದು ಗೋಡೆ ಕೊರೆದರೆ...